ಲಾರಿ ನಂಬರ್ ಕಾಣದ ವೇಬ್ರಿಡ್ಜ್: ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲಿನ ಕ್ಯಾಮೆರಾ ಪ್ರಕರಣ

ಗಂಗಾವತಿಯಿಂದ ಕಾರಟಗಿ ಕಡೆ ಹೋಗುವ ದಾರಿಯಲ್ಲಿರುವ ಒಂದು ರೈಸ್ ಮಿಲ್ಲು. ಒಳಗೂ ಹೊರಗೂ ಸೇರಿ 12 ಅನಲಾಗ್ ಎಚ್‌ಡಿ ಕ್ಯಾಮೆರಾ, ಎಲ್ಲವೂ 2 ಮೆಗಾಪಿಕ್ಸೆಲ್. ಆಫೀಸಿನಲ್ಲಿ 16 ಚಾನೆಲ್ ಡಿವಿಆರ್, ಅದರೊಳಗೆ 2 ಟಿಬಿ ಡಿಸ್ಕ್. ಕೇಬಲ್ ಎಲ್ಲ ಕಡೆ ‘ತ್ರೀ ಪ್ಲಸ್ ಒನ್’, ಅಂದರೆ ಒಂದು ಸಣ್ಣ ಕೋಆಕ್ಸಿಯಲ್ ಎಳೆ, ಜೊತೆಗೆ ಕರೆಂಟಿಗೆ ಮೂರು ತೆಳು ತಂತಿ. ಹಾಕಿಸಿ ಆರು ವರ್ಷ ಆಗಿತ್ತು.

ಭತ್ತದ ಒಂದು ಲೋಡಿನ ತೂಕದ ಬಗ್ಗೆ ತಕರಾರು ಬಂತು. ರೆಕಾರ್ಡಿಂಗ್ ತೆಗೆದು ನೋಡಿದರೆ ವೇಬ್ರಿಡ್ಜ್ ಮೇಲೆ ಲಾರಿ ನಿಂತಿರುವುದು ಕಾಣುತ್ತದೆ, ಅದರ ನಂಬರ್ ಮಾತ್ರ ಕಾಣುವುದಿಲ್ಲ. ಬೇರೆ ದೂರುಗಳೂ ಇದ್ದವು. ಹಿಂದಿನ ಗೇಟಿನ ಕಡೆಯ ಮೂರು ಕ್ಯಾಮೆರಾ ರಾತ್ರಿ ಆರಿ ಹತ್ತುತ್ತವೆ. ಮೋಟಾರು ಶುರುವಾದರೆ ಮಿಲ್ ಹೌಸಿನ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಓಡುತ್ತವೆ. ರೆಕಾರ್ಡಿಂಗ್ ಆರು ದಿನದ ಹಿಂದಿನದು ಸಿಗುವುದಿಲ್ಲ. ಹಾಕಿಸಿಕೊಡುವವರಿಂದ ಬಂದ ಸಲಹೆ ಒಂದೇ: ಅನಲಾಗ್ ಹಳೇದಾಯಿತು, ಎಲ್ಲ ಕಿತ್ತು ನೆಟ್‌ವರ್ಕ್ ಮೇಲೆ ಓಡುವ ಐಪಿ ಕ್ಯಾಮೆರಾ ಹಾಕಿಸಿ.

ಇಂಥ ಸಲಹೆ ಒಪ್ಪುವ ಮೊದಲು ಒಂದೊಂದು ದೂರನ್ನೂ ಬೇರೆ ಬೇರೆ ನೋಡಬೇಕು. ಈ ಮಿಲ್ಲಿನಲ್ಲಿ ನಾಲ್ಕು ದೂರುಗಳ ಪೈಕಿ ಮೂರಕ್ಕೆ ಐಪಿ ಔಷಧಿಯೇ ಅಲ್ಲ. ನಾಲ್ಕನೆಯದಕ್ಕೆ ಐಪಿ ಸರಿ, ಆದರೆ ಹೇಳಿದ ಕಾರಣಕ್ಕಲ್ಲ.

ರಾತ್ರಿ ಆರುವ ಕ್ಯಾಮೆರಾ

“ಹಗಲೊತ್ತು ಚಲೋ ಬರ್ತಾವ್ರಿ. ಕತ್ತಲಾತು ಅಂದ್ರ ಹಿಂದಿನ ಗೇಟಿಂದು ಬರೋದು ಹೋಗೋದು ಮಾಡ್ತೈತ್ರಿ” ಎಂದು ಗುಮಾಸ್ತರು ಹೇಳಿದ್ದರಲ್ಲೇ ಅರ್ಧ ಉತ್ತರ ಇದೆ. ಹಗಲು ಸರಿ ಇದ್ದು ರಾತ್ರಿ ಮಾತ್ರ ಕೆಡುವ ಕ್ಯಾಮೆರಾಕ್ಕೆ ಮೊದಲು ವೋಲ್ಟೇಜ್ ನೋಡಬೇಕು. ಕತ್ತಲಾದಾಗ ಕ್ಯಾಮೆರಾದ, ಕಣ್ಣಿಗೆ ಕಾಣದ ಬೆಳಕು ಕೊಡುವ ಐಆರ್ ಎಲ್‌ಇಡಿಗಳು ಹತ್ತುತ್ತವೆ, ಎಳೆಯುವ ಕರೆಂಟು ಮೂರು ಪಟ್ಟು ಏರುತ್ತದೆ.

ಪರೀಕ್ಷೆಗೆ ರಾತ್ರಿಯವರೆಗೆ ಕಾಯಬೇಕಿಲ್ಲ. ಏಣಿ ಹತ್ತಿ ಕ್ಯಾಮೆರಾದ ಮುಖಕ್ಕೆ ದಪ್ಪ ಕಪ್ಪು ಬಟ್ಟೆ ಸುತ್ತಿದರೆ ಅದು ರಾತ್ರಿ ಎಂದೇ ತಿಳಿಯುತ್ತದೆ. ಡಿಸಿ ಜಾಕಿನ ಹತ್ತಿರ ಮಲ್ಟಿಮೀಟರ್ ಹಿಡಿದಾಗ ಕಂಡದ್ದು ಇಷ್ಟು: ಬಟ್ಟೆ ಇಲ್ಲದಾಗ 10.4 ವೋಲ್ಟ್. ಬಟ್ಟೆ ಸುತ್ತಿದ ಮೇಲೆ ಒಳಗೆ ‘ಟಿಕ್’ ಎಂದು ಐಆರ್ ಫಿಲ್ಟರ್ ಸರಿಯಿತು, ವೋಲ್ಟೇಜ್ 6.8ರ ಆಸುಪಾಸಿಗೆ ಕುಸಿಯಿತು, ಕ್ಯಾಮೆರಾ ಆರಿತು. ಆರಿದ ಕೂಡಲೇ ಎಳೆಯುವವರಿಲ್ಲದೆ ವೋಲ್ಟೇಜ್ 12ಕ್ಕೆ ಏರಿತು, ಕ್ಯಾಮೆರಾ ಮತ್ತೆ ಶುರುವಾಯಿತು, ಕತ್ತಲು ಕಂಡು ಐಆರ್ ಹಚ್ಚಿತು, ಮತ್ತೆ ಕುಸಿಯಿತು. ರಾತ್ರಿಯಿಡೀ ಇದೇ ಆಟ.

ಕಾರಣ ಕೇಬಲ್ಲಿನ ಕರೆಂಟ್ ತಂತಿ. ಆಫೀಸಿನಲ್ಲಿ 12 ವೋಲ್ಟ್ ಕೊಡುವ ಎಸ್‌ಎಂಪಿಎಸ್‌ನಿಂದ ಆ ಕ್ಯಾಮೆರಾಕ್ಕೆ 85 ಮೀಟರ್. ಆ ತುದಿಯಲ್ಲಿ ಎರಡು ತಂತಿ ಕೂಡಿಸಿ, ಈ ತುದಿಯಲ್ಲಿ ಅಳೆದಾಗ ಹೋಗಿಬರುವ ರೆಸಿಸ್ಟೆನ್ಸ್ 14 ಓಮ್. ಹಗಲು ಕ್ಯಾಮೆರಾ ಎಳೆಯುವುದು 0.12 ಆಂಪ್, ಆಗ ದಾರಿಯಲ್ಲಿ ಕಳೆಯುವುದು 1.7 ವೋಲ್ಟ್. ರಾತ್ರಿ 0.38 ಆಂಪ್ ಎಳೆದರೆ 5.3 ವೋಲ್ಟ್ ತಂತಿಯಲ್ಲೇ ಹೋಯಿತು. ಇಂಥ ಕೇಬಲ್ಲಿನ ಒಳಗಿನದು ಬಹಳ ಸಲ ಪೂರ್ತಿ ತಾಮ್ರವೂ ಇರುವುದಿಲ್ಲ, ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ ಇರುತ್ತದೆ. ಚಾಕುವಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ.

ಎಸ್‌ಎಂಪಿಎಸ್‌ನ ಸ್ಕ್ರೂ ತಿರುಗಿಸಿ ವೋಲ್ಟೇಜನ್ನು 14–15ಕ್ಕೆ ಏರಿಸುವ ರೂಢಿ ಇದೆ. ದೂರದ ಕ್ಯಾಮೆರಾ ಆಗ ಬದುಕುತ್ತದೆ, ಆದರೆ ಆಫೀಸಿನ ಬಾಗಿಲಲ್ಲೇ ಇರುವ ಕ್ಯಾಮೆರಾಕ್ಕೆ ಆ 15 ವೋಲ್ಟ್ ಹಾಗೇ ಹೋಗುತ್ತದೆ. ಕೆಲವು ತಿಂಗಳಲ್ಲಿ ಅದು ಸುಡಬಹುದು, ಆಗ ಬೈಗುಳ ಕ್ಯಾಮೆರಾಕ್ಕೆ ಬೀಳುತ್ತದೆ.

ಇಲ್ಲಿ ಮಾಡಿದ್ದು ಸರಳ. ವಿಡಿಯೊಗೆ ಹಳೇ ಕೇಬಲ್ಲೇ ಇರಲಿ ಎಂದು ಬಿಟ್ಟು, ಮೂರು ಕ್ಯಾಮೆರಾಗಳಿಗೆ ಕರೆಂಟಿಗೆ ಮಾತ್ರ 1.5 ಚದರ ಮಿಲಿಮೀಟರಿನ ತಾಮ್ರದ ಎರಡೆಳೆ ವೈರ್ ಬೇರೆಯಾಗಿ ಎಳೆಯಲಾಯಿತು. 85 ಮೀಟರಿಗೆ ಅದರ ಹೋಗಿಬರುವ ರೆಸಿಸ್ಟೆನ್ಸ್ 2 ಓಮಿನ ಆಸುಪಾಸು, ರಾತ್ರಿ ಕಳೆಯುವುದು ಸುಮಾರು 0.75 ವೋಲ್ಟ್. ಬಟ್ಟೆ ಸುತ್ತಿ ಮತ್ತೆ ನೋಡಿದಾಗ 11.3. ಆ ಗೇಟಿನ ಕಡೆಯ ಜನರೇಟರ್ ಶೆಡ್ಡಿನಲ್ಲೇ 230 ವೋಲ್ಟ್ ಇತ್ತು, ಅಲ್ಲೇ ಒಂದು ಅಡಾಪ್ಟರ್ ಇಡಬಹುದಿತ್ತು. ಆದರೆ ಕರೆಂಟ್ ಹೋದಾಗ ಯುಪಿಎಸ್ ಇರುವುದು ಆಫೀಸಿನಲ್ಲಿ, ಶೆಡ್ಡಿನಲ್ಲಲ್ಲ. ಕಳ್ಳನಿಗೂ ಕರೆಂಟ್ ಹೋದ ಹೊತ್ತೇ ಬೇಕು.

ಓಡುವ ಪಟ್ಟಿಗಳು

ಮಿಲ್ ಹೌಸಿನ ಕ್ಯಾಮೆರಾವನ್ನು ಕಬ್ಬಿಣದ ಕಂಬಕ್ಕೆ ನೇರವಾಗಿ ಬೋಲ್ಟ್ ಮಾಡಿದ್ದರು. ಅದರ ಮೈ ಲೋಹದ್ದು. ಕಂಬದ ಅರ್ತಿಂಗ್ ಬೇರೆ, ಆಫೀಸಿನ ಅರ್ತಿಂಗ್ ಬೇರೆ. ಎರಡರ ನಡುವೆ ಮೋಟಾರು ಓಡುವಾಗ ಸ್ವಲ್ಪ ವೋಲ್ಟೇಜ್ ಹುಟ್ಟುತ್ತದೆ, ಅದು ಕೋಆಕ್ಸಿಯಲ್ಲಿನ ಹೊರಗಿನ ಜಾಲಿಯ ಮೂಲಕ ಹರಿದು ಚಿತ್ರದೊಳಗೆ 50 ಹರ್ಟ್ಸಿನ ಪಟ್ಟಿಯಾಗುತ್ತದೆ. ಡಿವಿಆರ್‌ನಿಂದ ಆ ಚಾನೆಲ್ಲಿನ ಬಿಎನ್‌ಸಿ ಪ್ಲಗ್ಗು ಬಿಚ್ಚಿ, ಬಿಚ್ಚಿದ ಬಿಎನ್‌ಸಿಯ ಲೋಹದ ಮೈಗೂ ಡಿವಿಆರ್‌ನ ಸಾಕೆಟ್ಟಿನ ಮೈಗೂ ನಡುವೆ ಮೀಟರನ್ನು ಎಸಿಗೆ ಇಟ್ಟು ಹಿಡಿದಾಗ 3.8 ವೋಲ್ಟ್ ತೋರಿಸಿತು. ಸೊನ್ನೆಯ ಹತ್ತಿರ ಇರಬೇಕಿತ್ತು. (ಇಲ್ಲಿ ಹತ್ತಾರು ವೋಲ್ಟ್ ಕಂಡರೆ ಕ್ಯಾಮೆರಾ ಕೆಲಸ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಬೇಕು. ಅದು ಎಲ್ಲೋ ಅರ್ತಿಂಗ್ ತಪ್ಪಿದ್ದರ ಗುರುತು.)

ಕ್ಯಾಮೆರಾ ಬಿಚ್ಚಿ ಒಣ ಮರದ ಹಲಗೆ ಮೇಲೆ ಇಟ್ಟಾಗ ಪಟ್ಟಿ ಮಾಯವಾಯಿತು. ಕಂಬಕ್ಕೆ ಒಂದು ಪಿವಿಸಿ ಡಬ್ಬಿ, ಅದರ ಮೇಲೆ ಕ್ಯಾಮೆರಾ, ಡಬ್ಬಿಯ ಬೋಲ್ಟು ಕ್ಯಾಮೆರಾದ ಮೈಗೆ ತಾಕದಂತೆ. ಇಷ್ಟೇ ರಿಪೇರಿ. ಜೊತೆಗೆ ಮೋಟಾರಿನ ಡ್ರೈವ್ ಕೇಬಲ್ ಇದ್ದ ಟ್ರೇಯಿಂದ ಕ್ಯಾಮೆರಾ ಕೇಬಲ್ಲನ್ನು ಒಂದಡಿ ಆಚೆ ಸರಿಸಲಾಯಿತು.

ಆರೇ ದಿನ ಏಕೆ

ಇದು ಬರೀ ಲೆಕ್ಕ. ಒಂದು ಕ್ಯಾಮೆರಾ ಸೆಕೆಂಡಿಗೆ 1 ಮೆಗಾಬಿಟ್ ಬರೆದರೆ ದಿನಕ್ಕೆ 10.8 ಜಿಬಿ. ಹಳೇ ಡಿವಿಆರ್ ಎಚ್.264 ಎಂಬ ವಿಡಿಯೊ ಕುಗ್ಗಿಸುವ ಪದ್ಧತಿಯಲ್ಲಿ ಒಂದೊಂದಕ್ಕೂ 2.5 ಮೆಗಾಬಿಟ್ ಬರೆಯುತ್ತಿತ್ತು. ಹನ್ನೆರಡಕ್ಕೆ ದಿನಕ್ಕೆ 324 ಜಿಬಿ, 2 ಟಿಬಿ ಆರು ದಿನಕ್ಕೆ ತುಂಬಿತು. ‘ಮೋಷನ್ ಇದ್ದಾಗ ಮಾತ್ರ ರೆಕಾರ್ಡ್’ ಎಂದು ಇಟ್ಟರೂ ರೈಸ್ ಮಿಲ್ಲಿನಲ್ಲಿ ಉಳಿತಾಯ ಇಲ್ಲ. ಬೆಲ್ಟು ಓಡುತ್ತಿರುತ್ತದೆ, ತೌಡಿನ ದೂಳು ಹಾರುತ್ತಿರುತ್ತದೆ, ರಾತ್ರಿ ಆ ದೂಳಿಗೆ ಐಆರ್ ಬಿದ್ದು ಮಿಂಚುಹುಳದಂತೆ ಹೊಳೆಯುತ್ತದೆ. ಕ್ಯಾಮೆರಾದ ಲೆಕ್ಕದಲ್ಲಿ ಎಲ್ಲವೂ ಮೋಷನ್ನೇ.

ವೇಬ್ರಿಡ್ಜ್: ನಂಬರ್ ಎಲ್ಲಿ ಕಳೆಯಿತು

ಈಗ ನಿಜವಾದ ವಿಷಯ. ನಂಬರ್ ಕಾಣದ್ದಕ್ಕೆ ಅನಲಾಗನ್ನು ಬೈಯುವ ಮೊದಲು, ನಂಬರ್ ಪ್ಲೇಟಿನ ಮೇಲೆ ಎಷ್ಟು ಪಿಕ್ಸೆಲ್ ಬೀಳುತ್ತವೆ ಎಂದು ಎಣಿಸಬೇಕು.

ಕ್ಯಾಮೆರಾದಲ್ಲಿದ್ದದ್ದು 3.6 ಮಿ.ಮೀ. ಲೆನ್ಸ್. ಲಾರಿಯ ಮುಂಭಾಗ ನಿಲ್ಲುವುದು ಅದರಿಂದ 9 ಮೀಟರ್ ದೂರ. 2 ಮೆಗಾಪಿಕ್ಸೆಲ್ ಕ್ಯಾಮೆರಾಗಳ ಸೆನ್ಸರಿನ ಅಗಲ ಸುಮಾರು 5.4 ಮಿ.ಮೀ. ದೂರವನ್ನು ಸೆನ್ಸರಿನ ಅಗಲದಿಂದ ಗುಣಿಸಿ ಲೆನ್ಸಿನ ಅಳತೆಯಿಂದ ಭಾಗಿಸಿದರೆ ಅಲ್ಲಿ ಎಷ್ಟು ಅಗಲ ಕಾಣುತ್ತದೆ ಎಂದು ಗೊತ್ತಾಗುತ್ತದೆ: 9 × 5.4 ÷ 3.6, ಅಂದರೆ 13.5 ಮೀಟರ್. ಚಿತ್ರದ ಅಗಲ 1920 ಪಿಕ್ಸೆಲ್ ಇದ್ದರೆ ಮೀಟರಿಗೆ 142 ಪಿಕ್ಸೆಲ್ ಸಿಗಬೇಕು.

ಸಿಗಲಿಲ್ಲ. ಡಿವಿಆರ್‌ನ ರೆಕಾರ್ಡಿಂಗ್ ಮೆನು ತೆರೆದಾಗ ಅಲ್ಲಿ ಇದ್ದದ್ದು `1080P Lite`. ಈ ಹೆಸರು ಬಹಳ ಜನರನ್ನು ಏಮಾರಿಸಿದೆ. ಅದರಲ್ಲಿ ಉಳಿಯುವುದು 960×1080, ಅಂದರೆ ಅಡ್ಡ ಅಗಲದಲ್ಲಿ ಅರ್ಧ ಪಿಕ್ಸೆಲ್ ಬಿಸಾಡಿ, ನೋಡುವಾಗ ಚಿತ್ರವನ್ನು ಹಿಗ್ಗಿಸಿ ತೋರಿಸುತ್ತದೆ. ಹಾಗಾಗಿ ಮೀಟರಿಗೆ 71 ಪಿಕ್ಸೆಲ್. ಒಂದೇ ಸಾಲಿನ ಉದ್ದನೆಯ ಪ್ಲೇಟ್ 500 ಮಿ.ಮೀ. ಅಗಲ, ಅದಕ್ಕೆ ಸಿಕ್ಕದ್ದು ಸುಮಾರು 35 ಪಿಕ್ಸೆಲ್. ಕೆಎ 37ರಿಂದ ಶುರುವಾಗುವ ಕೊಪ್ಪಳದ ಲಾರಿಯ ನಂಬರಿನಲ್ಲಿ ಅಕ್ಷರ, ಅಂಕಿ ಸೇರಿ ಹತ್ತರವರೆಗೆ. ಒಂದೊಂದಕ್ಕೆ ಮೂರೂವರೆ ಪಿಕ್ಸೆಲ್. ಅಷ್ಟರಲ್ಲಿ 8 ಯಾವುದು, 3 ಯಾವುದು ಎಂದು ದೇವರಿಗೂ ಹೇಳಲಾಗದು.

ಅದೇ ಜಾಗದಲ್ಲಿ 12 ಮಿ.ಮೀ.ಗೆ ಬಿಗಿ ಮಾಡಿದ, ಅಳತೆ ಬದಲಿಸಬಹುದಾದ ವೇರಿಫೋಕಲ್ ಲೆನ್ಸ್ ಇಟ್ಟರೆ ಕಾಣುವ ಅಗಲ 4 ಮೀಟರ್. 1920 ಪಿಕ್ಸೆಲ್ಲೂ ಉಳಿದರೆ ಒಂದೊಂದು ಅಕ್ಷರಕ್ಕೆ 23 ಪಿಕ್ಸೆಲ್, ಆರಾಮಾಗಿ ಓದಬಹುದು. ಇದು 2 ಮೆಗಾಪಿಕ್ಸೆಲ್ ಅನಲಾಗಿನಲ್ಲೇ ಸಾಧ್ಯ. 3.6 ಮಿ.ಮೀ. ಲೆನ್ಸಿನ 4 ಮೆಗಾಪಿಕ್ಸೆಲ್ ಐಪಿ ಹಾಕಿಸಿದ್ದರೆ ಅಕ್ಷರಕ್ಕೆ ಹತ್ತರ ಆಸುಪಾಸು ಸಿಗುತ್ತಿತ್ತು, ದುಡ್ಡು ಹೋಗಿಯೂ ನಂಬರ್ ಅರೆಬರೆ. ನಂಬರ್ ಬೇಕಾದರೆ ಮೊದಲು ಲೆನ್ಸು, ಆಮೇಲೆ ಮೆಗಾಪಿಕ್ಸೆಲ್.

ಹಾಗಾದರೆ ಇಲ್ಲೂ ಅನಲಾಗ್ ಸಾಕಲ್ಲ ಎಂದರೆ, ಸಾಕಾಗಲಿಲ್ಲ. ಕಾರಣ ಕೇಬಲ್ ದಾರಿ. ವೇಬ್ರಿಡ್ಜ್ ಕ್ಯಾಬಿನ್ ಆಫೀಸಿನಿಂದ 240 ಮೀಟರ್ ದೂರ. ಅನಲಾಗ್ ಎಚ್‌ಡಿ ಸಿಗ್ನಲ್ ದೂರ ಹೋದಷ್ಟೂ ಅದರ ಮೇಲಿನ ಫ್ರೀಕ್ವೆನ್ಸಿ ಮೊದಲು ಸೊರಗುತ್ತದೆ. ಅದಕ್ಕೇ ಮೊದಲು ಅಂಚುಗಳು ಮಸುಕಾಗುತ್ತವೆ, ಬಣ್ಣ ತೆಳುವಾಗುತ್ತದೆ, ಕೊನೆಗೆ ಚಿತ್ರವೇ ಬಿಟ್ಟುಬಿಟ್ಟು ಬರುತ್ತದೆ. ದಪ್ಪ ತಾಮ್ರದ ಒಳ್ಳೆಯ ಕೋಆಕ್ಸಿಯಲ್ಲಿನಲ್ಲಿ 240 ಮೀಟರ್ ಆಗಿಹೋಗುವ ಮಾತು. ತೆಳು ಜಾಲಿಯ ತ್ರೀ ಪ್ಲಸ್ ಒನ್‌ನಲ್ಲಿ ನೂರು ಮೀಟರ್ ಮೀರಿದ ಮೇಲೆ ಭರವಸೆ ಇಲ್ಲ. ಇಲ್ಲಿ ಮಧ್ಯೆ ಎರಡು ಕಡೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಬೇರೆ, ಬಿಚ್ಚಿದಾಗ ಜಾಲಿ ಹಸಿರು ಕಟ್ಟಿತ್ತು.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಕ್ಯಾಬಿನ್ನಿಗೆ ಅದರದೇ ಕರೆಂಟು, ಅದರದೇ ಅರ್ತಿಂಗ್. ಎರಡು ಕಟ್ಟಡಗಳ ನಡುವೆ ತಾಮ್ರ ಎಳೆದರೆ, ಹತ್ತಿರದಲ್ಲಿ ಸಿಡಿಲು ಬಿದ್ದಾಗ ಎರಡು ಕಡೆಯ ನೆಲದ ವೋಲ್ಟೇಜಿನ ವ್ಯತ್ಯಾಸ ಆ ತಾಮ್ರದ ಮೂಲಕವೇ ಸಮವಾಗಲು ನೋಡುತ್ತದೆ. ದಾರಿಯಲ್ಲಿ ಸಿಗುವುದು ಡಿವಿಆರ್. ಏಪ್ರಿಲ್–ಮೇ ತಿಂಗಳ ಗುಡುಗಿನ ಮಳೆಯಲ್ಲಿ ಇವರ ಏಳನೇ ಚಾನೆಲ್ ಸುಟ್ಟಿತ್ತು, ಕೇಬಲ್ಲನ್ನು ಹದಿಮೂರಕ್ಕೆ ಬದಲಿಸಿ ಕೆಲಸ ನಡೆಸಿದ್ದರು.

ಕೊನೆಗೆ, ಅಲ್ಲಿ ಒಂದೇ ಕ್ಯಾಮೆರಾ ಸಾಲದು. ಮುಂದಿನ ಪ್ಲೇಟಿಗೆ ಒಂದು, ಹಿಂದಿನ ಪ್ಲೇಟಿಗೆ ಒಂದು, ಪ್ಲಾಟ್‌ಫಾರ್ಮ್ ಪೂರ್ತಿ ಕಾಣುವಂತೆ ಎತ್ತರದಲ್ಲಿ ಒಂದು. (ಹಿಂದಿನ ಚಕ್ರ ಕಟ್ಟೆಯ ಹೊರಗೆ ನಿಂತಿದ್ದರೆ ತೂಕ ಕಡಿಮೆ ಬರುತ್ತದೆ, ತಕರಾರಿನ ಅರ್ಧ ಜೀವ ಅಲ್ಲೇ ಇರುತ್ತದೆ.) ಅನಲಾಗಿನಲ್ಲಿ ಮೂರು ಕ್ಯಾಮೆರಾ ಎಂದರೆ 240 ಮೀಟರಿನ ಮೂರು ಕೋಆಕ್ಸಿಯಲ್. ಐಪಿಯಲ್ಲಿ ಮೂರಕ್ಕೂ ಒಂದೇ ಫೈಬರ್ ಸಾಕು, ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟ್ ಹರಿಯುವುದೂ ಇಲ್ಲ. ಹೇಗೂ ಹೊಸ ಕೇಬಲ್ ಎಳೆಯಲೇಬೇಕು, ದೂರ ಜಾಸ್ತಿ, ಅರ್ತಿಂಗ್ ಬೇರೆ, ಒಂದೇ ಕಡೆ ಹಲವು ಕ್ಯಾಮೆರಾ: ಈ ನಾಲ್ಕೂ ಕೂಡಿದಲ್ಲಿ ಐಪಿಗೆ ಹೋಗುವುದು ಲೆಕ್ಕಕ್ಕೆ ಸರಿ ಬರುತ್ತದೆ. ಉಳಿದ 11 ಕ್ಯಾಮೆರಾಗಳಲ್ಲಿ ಒಂದಕ್ಕೂ ಈ ಮಾತು ಹೊಂದಲಿಲ್ಲ, ಎಲ್ಲವೂ ಆಫೀಸಿನಿಂದ ನೂರು ಮೀಟರಿನ ಒಳಗೆ.

ಎಳೆದದ್ದು, ಜೋಡಿಸಿದ್ದು

ಫೈಬರ್ ಹೂತದ್ದು ಲಾರಿ ಓಡಾಡುವ ದಾರಿಯಲ್ಲಿ ಮೂರಡಿ ಆಳ, ಜಿಐ ಪೈಪಿನೊಳಗೆ. ಉಳಿದ ಕಡೆ ಎರಡಡಿ ಆಳ, ಎಚ್‌ಡಿಪಿಇ ಪೈಪಿನೊಳಗೆ. ನಾಲ್ಕು ಕೋರಿನ ಸಿಂಗಲ್ ಮೋಡ್ ಫೈಬರ್, ಎರಡೂ ತುದಿಗೆ ಐದೈದು ಮೀಟರ್ ಹೆಚ್ಚುವರಿ. ಫೈಬರಿನ ಮೇಲಿನ ಉಕ್ಕಿನ ಕವಚವನ್ನು ಎರಡೂ ಕಟ್ಟಡದ ಅರ್ತಿಂಗಿಗೆ ಜೋಡಿಸಬಾರದು, ಜೋಡಿಸಿದರೆ ತಾಮ್ರ ತೆಗೆದು ಉಕ್ಕು ಹಾಕಿದಂತಾಯಿತು. ಡಬ್ಬಿಯ ಒಳಗೆ ಬರುವ ಮೊದಲೇ ಅದನ್ನು ಕತ್ತರಿಸಿ ಬಿಡಲಾಯಿತು. ಊರಿನಲ್ಲಿ ಇಂಟರ್ನೆಟ್ ಕೊಡುವವರ ಬಳಿ ಸ್ಪ್ಲೈಸಿಂಗ್ ಮೆಷಿನ್ ಇರುತ್ತದೆ, ತುದಿ ಜೋಡಿಸಲು ಅವರನ್ನೇ ಕರೆಸಿದರೆ ಆಯಿತು.

ಎರಡೂ ತುದಿಯಲ್ಲಿ ಫೈಬರನ್ನು ತಾಮ್ರದ ನೆಟ್‌ವರ್ಕ್ ಕೇಬಲ್ಲಿಗೆ ಕೂಡಿಸುವ ಮೀಡಿಯಾ ಕನ್ವರ್ಟರ್. ಒಂದೇ ಎಳೆಯಲ್ಲಿ ಹೋಗಿಬರುವ ಜಾತಿಯದು ಜೋಡಿಯಾಗಿ ಬರುತ್ತದೆ: ಒಂದು 1310 ನ್ಯಾನೋಮೀಟರಿನಲ್ಲಿ ಕಳಿಸಿ 1550ರಲ್ಲಿ ಪಡೆಯುತ್ತದೆ, ಇನ್ನೊಂದು ತಿರುಗಾಮುರುಗ. ಅಂಗಡಿಯವರು ಎರಡೂ ಒಂದೇ ಥರದ್ದು ಕೊಟ್ಟರೆ ಲಿಂಕ್ ದೀಪ ಹತ್ತುವುದೇ ಇಲ್ಲ, ಫೈಬರ್ ಮುರಿದಿದೆ ಎಂದು ಅಗೆಯುವವರೂ ಇದ್ದಾರೆ. ಮೊದಲು ಕನ್ವರ್ಟರಿನ ಹೊಟ್ಟೆಯ ಮೇಲಿನ ಸ್ಟಿಕರ್ ಓದಬೇಕು.

ಕ್ಯಾಬಿನ್ನಿನಲ್ಲಿ ನಾಲ್ಕು ಪೋರ್ಟಿನ ಪಿಒಇ ಸ್ವಿಚ್, ಅಲ್ಲಿಂದ ಕ್ಯಾಮೆರಾಗಳಿಗೆ ಪೂರ್ತಿ ತಾಮ್ರದ ಕ್ಯಾಟ್ 6, ಅತಿ ದೂರದ್ದು 22 ಮೀಟರ್. ಕರೆಂಟೂ ಅದೇ ಕೇಬಲ್ಲಿನಲ್ಲಿ 48 ವೋಲ್ಟಿನ ಆಸುಪಾಸಿನಲ್ಲಿ ಹೋಗುವುದರಿಂದ ಹಿಂದಿನ ಗೇಟಿನ ಕಥೆ ಇಲ್ಲಿ ಮರುಕಳಿಸುವುದಿಲ್ಲ. ಸ್ವಿಚ್ಚನ್ನೂ ಕನ್ವರ್ಟರನ್ನೂ ತೂಕದ ಕಂಪ್ಯೂಟರಿನ ಯುಪಿಎಸ್‌ಗೆ ಕೊಡಲಾಯಿತು, ನೆಟ್‌ವರ್ಕನ್ನು ಮಾತ್ರ ಆ ಕಂಪ್ಯೂಟರಿಗೆ ಕೂಡಿಸಲಿಲ್ಲ.

ಆಫೀಸಿನಲ್ಲಿ ಹಳೇ ಡಿವಿಆರ್ ಹೋಯಿತು. `1080P Lite` ಬಿಟ್ಟು ಮೇಲೆ ಹೋಗಲು ಅದಕ್ಕೆ ಬರುತ್ತಿರಲಿಲ್ಲ. ಅದರ ಜಾಗಕ್ಕೆ ಬಂದದ್ದು ಅನಲಾಗ್, ಐಪಿ ಎರಡನ್ನೂ ಒಪ್ಪುವ 16 ಚಾನೆಲ್ಲಿನ ಎಕ್ಸ್‌ವಿಆರ್. ಇದನ್ನು ಕೊಳ್ಳುವಾಗ ಎರಡು ಮಾತು ಕೇಳಬೇಕು: ಎಲ್ಲ ಚಾನೆಲ್ಲಿನಲ್ಲೂ ಪೂರ್ತಿ 1920×1080 ಬರೆಯುತ್ತದೆಯೇ, ಬರೆದರೆ ಸೆಕೆಂಡಿಗೆ ಎಷ್ಟು ಫ್ರೇಮು, ಮತ್ತು ಬಳಸದ ಅನಲಾಗ್ ಚಾನೆಲ್ ಆರಿಸಿದರೆ ಅದನ್ನು ಐಪಿಗೆ ಕೊಡುತ್ತದೆಯೇ. ಇಲ್ಲಿ 15 ಫ್ರೇಮಿಗೆ ಇಡಲಾಯಿತು, ಕಾವಲಿಗೆ ಅಷ್ಟು ಸಾಕು. ಇನ್ನೂ ಹೆಚ್ಚು ಕುಗ್ಗಿಸುವ ಎಚ್.265ರಲ್ಲಿ ಅನಲಾಗ್ ಒಂದಕ್ಕೆ 1.5 ಮೆಗಾಬಿಟ್‌ನಂತೆ 11ಕ್ಕೆ 16.5, ಐಪಿ ಒಂದಕ್ಕೆ 3ರಂತೆ ಮೂರಕ್ಕೆ 9. ದಿನಕ್ಕೆ ಸುಮಾರು 275 ಜಿಬಿ, 8 ಟಿಬಿ ಡಿಸ್ಕಿಗೆ 29 ದಿನ.

ಹಾಕಿದ ಮೇಲೆ ಕೈಕೊಟ್ಟದ್ದು

ಮೊದಲ ರಾತ್ರಿ ನಂಬರ್ ಪ್ಲೇಟ್ ಬೆಳ್ಳಗೆ ಸುಣ್ಣ ಬಳಿದಂತೆ ಬಂತು. ಈಗಿನ ಪ್ಲೇಟು ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುವ ಜಾತಿಯದು, ಕ್ಯಾಮೆರಾದ ಐಆರ್ ನೇರ ಅದಕ್ಕೇ ಬಡಿದು ನೇರ ಲೆನ್ಸಿಗೇ ಬರುತ್ತದೆ. ಎರಡೂ ಪ್ಲೇಟ್ ಕ್ಯಾಮೆರಾಗಳ ಐಆರ್ ಆರಿಸಿ, ಬದಿಯ ಕಂಬಕ್ಕೆ ಒಂದು ಎಲ್‌ಇಡಿ ಫ್ಲಡ್ ಲೈಟ್ ಹಾಕಿ, ಕ್ಯಾಮೆರಾ ರಾತ್ರಿಯೂ ಬಣ್ಣದಲ್ಲೇ ಇರುವಂತೆ ಇಟ್ಟ ಮೇಲೆ ಅಕ್ಷರ ಮೂಡಿದವು. ಲಾರಿಯ ಹೆಡ್‌ಲೈಟ್ ಹತ್ತಿದ್ದರೆ ಮುಂದಿನ ಪ್ಲೇಟ್ ಮತ್ತೆ ಕಾಣುವುದಿಲ್ಲ. ಅದಕ್ಕೆ ಕಟ್ಟೆ ಮುಂದೆ ‘ಲೈಟ್ ಬಂದ್ ಮಾಡ್ರಿ’ ಎಂಬ ಬೋರ್ಡು, ಸೆಟ್ಟಿಂಗ್‌ಗಿಂತ ಅದೇ ಹೆಚ್ಚು ಕೆಲಸ ಮಾಡಿತು.

ಎರಡನೆಯದು ಹೊತ್ತು. ಅನಲಾಗಿನಲ್ಲಿ ಸಮಯ ಬರೆಯುವುದು ಡಿವಿಆರ್ ಒಂದೇ. ಐಪಿ ಕ್ಯಾಮೆರಾಕ್ಕೆ ಅದರದೇ ಗಡಿಯಾರ ಇದೆ. ವಾರದೊಳಗೆ ತೂಕದ ಚೀಟಿಯಲ್ಲಿ 4:12, ಚಿತ್ರದ ಮೇಲೆ 4:09. ತಕರಾರಿನಲ್ಲಿ ಮೂರು ನಿಮಿಷ ಎಂದರೆ ಬೇರೆ ಲಾರಿ. ರೆಕಾರ್ಡರಿನ ಸಮಯವೇ ಮೂರೂ ಕ್ಯಾಮೆರಾಗಳಿಗೆ ಹೋಗುವಂತೆ ಇಟ್ಟು, ತೂಕದ ಕಂಪ್ಯೂಟರಿನ ಗಡಿಯಾರವನ್ನು ದಿನಾ ಬೆಳಿಗ್ಗೆ ರೆಕಾರ್ಡರಿಗೆ ಹೊಂದಿಸುವ ಕೆಲಸ ಗುಮಾಸ್ತರಿಗೆ ಹೋಯಿತು.

ಮೂರು ಕ್ಯಾಮೆರಾಗಳನ್ನೂ ಒಟ್ಟಿಗೆ ಸ್ವಿಚ್ಚಿಗೆ ಚುಚ್ಚಿದ್ದರಿಂದ ಒಂದೇ ಕಾಣಿಸಿ ಉಳಿದೆರಡು ಕಾಣದೆ ಒಂದು ಗಂಟೆ ಹೋಯಿತು. ಡಬ್ಬಿಯಿಂದ ಬರುವಾಗ ಮೂರಕ್ಕೂ ಒಂದೇ ವಿಳಾಸ ಇತ್ತು. ಒಂದೊಂದನ್ನೇ ಚುಚ್ಚಿ, ಪಾಸ್‌ವರ್ಡ್ ಬದಲಿಸಿ, ಹೀಗೆ ಕೊಡಲಾಯಿತು:

```
192.168.10.2    recorder
192.168.10.11   front plate
192.168.10.12   rear plate
192.168.10.13   platform
```

ಇದೇ ನಾಲ್ಕು ಸಾಲನ್ನು ಕಾಗದದ ಮೇಲೆ ಬರೆದು ಲ್ಯಾಮಿನೇಟ್ ಮಾಡಿ ಕ್ಯಾಬಿನ್ನಿನ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಲಾಗಿದೆ.

ಎಕ್ಸ್‌ವಿಆರ್‌ನಲ್ಲಿ ಇನ್ನು ಎರಡು ಚಾನೆಲ್ ಖಾಲಿ. ವೇಬ್ರಿಡ್ಜಿನ ಆಚೆ ಹೊಸ ಗೋಡೌನ್ ಕಟ್ಟುವ ಮಾತು ನಡೆದಿದೆ. ಅದಕ್ಕೆ ಆಫೀಸಿನಿಂದ ಕೇಬಲ್ ಎಳೆಯುವಂತಿಲ್ಲ, ಕ್ಯಾಬಿನ್ನಿನಿಂದಲೇ ಮುಂದಕ್ಕೆ ಹೋಗಬೇಕು. ನಾಲ್ಕು ಕೋರಿನ ಪೈಕಿ ಬಳಸಿದ್ದು ಒಂದು. ಉಳಿದ ಮೂರಕ್ಕೂ ಆಗಲೇ ಸ್ಪ್ಲೈಸ್ ಮಾಡಿಸಿ, ತುದಿಗೆ ಕ್ಯಾಪ್ ಹಾಕಿ, ಅದೇ ಡಬ್ಬಿಯಲ್ಲಿ ಸುತ್ತಿ ಇಡಲಾಗಿದೆ.